ಒಂದು ಗಂಟೆ ವಿಡಿಯೋಗೆ ಎಷ್ಟು ಡೇಟಾ ಹೋಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಲೆಕ್ಕ ಹೇಳಿಬಿಡಿ. ಯಾವ ಕ್ವಾಲಿಟಿಗೆ ಗಂಟೆಗೆ ಎಷ್ಟು?

ಯೂಟ್ಯೂಬ್ ತರಹದ ಆ್ಯಪ್‌ಗಳಲ್ಲಿ ಮಾಮೂಲಿ ವಿಡಿಯೋ ನೋಡಿದರೆ, ಧ್ವನಿಯೂ ಸೇರಿ, ಒಂದು ಗಂಟೆಗೆ ಸುಮಾರು ಇಷ್ಟು ಹೋಗುತ್ತದೆ:

- 144p: 80 ರಿಂದ 100 ಎಂಬಿ
- 240p: 120 ರಿಂದ 170 ಎಂಬಿ
- 360p: 200 ರಿಂದ 300 ಎಂಬಿ
- 480p: 350 ರಿಂದ 500 ಎಂಬಿ
- 720p: 700 ಎಂಬಿಯಿಂದ 1.2 ಜಿಬಿ
- 1080p: 1.3 ರಿಂದ 2.2 ಜಿಬಿ
- 1440p: 3 ರಿಂದ 4.5 ಜಿಬಿ
- 2160p, ಅಂದರೆ 4ಕೆ: 6 ರಿಂದ 9 ಜಿಬಿ

ಕ್ವಾಲಿಟಿ ಪಟ್ಟಿಯಲ್ಲಿ 720p60 ಅಥವಾ 1080p60 ಎಂದು ಇದ್ದರೆ, ಅದು ಸೆಕೆಂಡಿಗೆ 30ರ ಬದಲು 60 ಚಿತ್ರ ತೋರಿಸುವ ವಿಡಿಯೋ. ಅದಕ್ಕೆ ಮೇಲಿನ ಲೆಕ್ಕದ ಸುಮಾರು ಒಂದೂವರೆ ಪಟ್ಟು ಹಿಡಿಯಿರಿ.

ಕೈಯಲ್ಲಿ 2 ಜಿಬಿ ಇದೆ ಎಂದುಕೊಳ್ಳಿ. 1080pಯಲ್ಲಿ ಅದು ಒಂದೂವರೆ ಗಂಟೆ ಬಂದರೆ ಹೆಚ್ಚು. 480pಯಲ್ಲಿ ನಾಲ್ಕೈದು ಗಂಟೆ ಬರುತ್ತದೆ. 360pಯಲ್ಲಿ ಏಳೆಂಟು ಗಂಟೆ.

ಒಂದೇ ಕ್ವಾಲಿಟಿಗೆ ಎರಡು ಅಂಕಿ ಯಾಕೆ? 480p ಅಂದರೆ 480p ಅಲ್ವಾ?

ಇಲ್ಲಿಯೇ ತುಂಬಾ ಜನ ತಪ್ಪು ತಿಳಿದುಕೊಳ್ಳುವುದು. 480p ಅನ್ನುವುದು ಚಿತ್ರದ ಅಳತೆ ಅಷ್ಟೇ. ಮೇಲಿಂದ ಕೆಳಗೆ 480 ಸಾಲು ಚುಕ್ಕೆ ಇದೆ ಎಂದು ಅರ್ಥ. ಡೇಟಾ ಎಷ್ಟು ಹೋಗುತ್ತದೆ ಎಂದು ನಿರ್ಧರಿಸುವುದು ಬಿಟ್‌ರೇಟ್. ಅಂದರೆ ಒಂದು ಸೆಕೆಂಡಿನ ವಿಡಿಯೋಗೆ ಎಷ್ಟು ಬಿಟ್ ಖರ್ಚಾಗಿದೆ ಅನ್ನುವುದು.

ವಿಡಿಯೋವನ್ನು ಕುಗ್ಗಿಸುವಾಗ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಇಡುವುದಿಲ್ಲ. ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತೋ ಅದನ್ನು ಮಾತ್ರ ಹೆಚ್ಚಾಗಿ ಇಡುತ್ತಾರೆ. ಮೇಷ್ಟ್ರು ಬೋರ್ಡ್ ಮುಂದೆ ನಿಂತು ಪಾಠ ಮಾಡುವ ವಿಡಿಯೋ ನೋಡಿ. ಗೋಡೆ ಅಲ್ಲೇ ಇದೆ, ಬೋರ್ಡ್ ಅಲ್ಲೇ ಇದೆ, ಕೈ ಮತ್ತು ಬಾಯಿ ಮಾತ್ರ ಅಲುಗಾಡುತ್ತವೆ. ಇಂಥದ್ದಕ್ಕೆ ಕಡಿಮೆ ಬಿಟ್ ಸಾಕು. ಅದೇ ಒಂದು ಪಂದ್ಯ ನೋಡಿ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಹುಲ್ಲು, ಜನ ಎಲ್ಲವೂ ಒಟ್ಟಿಗೆ ಸರಿಯುತ್ತವೆ. ಮಳೆ, ನದಿಯ ನೀರು, ಮರದ ಎಲೆ ಅಲುಗಾಡುವ ದೃಶ್ಯ ಕೂಡ ಹೀಗೇ. ಅದೇ 480pಯಲ್ಲಿ ಪಾಠಕ್ಕಿಂತ ಪಂದ್ಯಕ್ಕೆ ಎಷ್ಟೋ ಜಾಸ್ತಿ ಡೇಟಾ ಹೋಗಬಹುದು.

ಇನ್ನೊಂದು ಕಾರಣ ಕೋಡೆಕ್, ಅಂದರೆ ವಿಡಿಯೋವನ್ನು ಕುಗ್ಗಿಸುವ ವಿಧಾನ. 2003ರಲ್ಲಿ ಬಂದ ಎಚ್.264 ಹಳೆಯದು, ಎಲ್ಲ ಫೋನಿನಲ್ಲೂ ಓಡುತ್ತದೆ. 2013ರ ವಿಪಿ9 ಮತ್ತು 2018ರ ಎವಿ1 ಅಷ್ಟೇ ಚಂದದ ಚಿತ್ರವನ್ನು ಅದಕ್ಕಿಂತ ಕಡಿಮೆ ಬಿಟ್‌ನಲ್ಲಿ ಕೊಡುತ್ತವೆ. ಯಾವ ಕೋಡೆಕ್ ಸಿಗುತ್ತದೆ ಅನ್ನುವುದು ನಿಮ್ಮ ಫೋನ್ ಮತ್ತು ಆ ವಿಡಿಯೋದ ಮೇಲೆ ಹೋಗುತ್ತದೆ. ಹಾಗಾಗಿ ಪಕ್ಕದಲ್ಲಿ ಕುಳಿತವರ ಫೋನಿನಲ್ಲಿ ಅದೇ ವಿಡಿಯೋಗೆ ಕಡಿಮೆ ಡೇಟಾ ಹೋದರೆ ಆಶ್ಚರ್ಯ ಬೇಡ.

ಬಿಟ್‌ರೇಟ್ ಗೊತ್ತಿದ್ದರೆ ನಾವೇ ಲೆಕ್ಕ ಹಾಕಬಹುದಾ?

ಖಂಡಿತ. ಒಂದೇ ಗುಣಾಕಾರ. ಬಿಟ್‌ರೇಟ್ ಎಷ್ಟು ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್, ಇದೆಯೋ ಅದನ್ನು 450ರಿಂದ ಗುಣಿಸಿ. ಗಂಟೆಗೆ ಎಷ್ಟು ಎಂಬಿ ಎಂದು ಬರುತ್ತದೆ. 450 ಎಲ್ಲಿಂದ ಬಂತು ಅಂದರೆ, ಗಂಟೆಗೆ 3600 ಸೆಕೆಂಡ್, ಎಂಟು ಬಿಟ್‌ಗೆ ಒಂದು ಬೈಟ್. 3600ನ್ನು 8ರಿಂದ ಭಾಗಿಸಿದರೆ 450.

ಒಂದು 480p ವಿಡಿಯೋದಲ್ಲಿ ಚಿತ್ರಕ್ಕೆ 0.8 ಎಂಬಿಪಿಎಸ್, ಧ್ವನಿಗೆ 0.13 ಎಂಬಿಪಿಎಸ್ ಇದೆ ಎಂದುಕೊಳ್ಳಿ. ಒಟ್ಟು 0.93. ಅದನ್ನು 450ರಿಂದ ಗುಣಿಸಿದರೆ ಗಂಟೆಗೆ ಸುಮಾರು 418 ಎಂಬಿ. ನೆಟ್ ಸ್ಪೀಡ್ ತೋರಿಸುವ ಆ್ಯಪ್‌ನಲ್ಲಿ ಕಾಣುವುದು ಬಿಟ್, ಡೇಟಾ ಪ್ಯಾಕ್‌ನಲ್ಲಿ ಕಳೆಯುವುದು ಬೈಟ್. ಇದೊಂದು ಮರೆತರೆ ಲೆಕ್ಕ ಎಂಟು ಪಟ್ಟು ತಪ್ಪುತ್ತದೆ.

ಡೇಟಾ ಉಳಿಸಬೇಕು ಅಂದರೆ 144pಗೆ ಇಳಿಸಿಬಿಡಬೇಕಾ?

ಬೇಡ. ಸುಮ್ನೆ ಕಣ್ಣಿಗೆ ಶಿಕ್ಷೆ. ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. 1080pಯಿಂದ 480pಗೆ ಇಳಿದರೆ ಗಂಟೆಗೆ ಸುಮಾರು ಒಂದು ಜಿಬಿ ಅಥವಾ ಅದಕ್ಕಿಂತ ಜಾಸ್ತಿ ಉಳಿಯುತ್ತದೆ. 240pಯಿಂದ 144pಗೆ ಇಳಿದರೆ ಉಳಿಯುವುದು 50 ಎಂಬಿ ಚಿಲ್ಲರೆ. ಉಳಿತಾಯವೆಲ್ಲ ಮೇಲಿನ ಮೆಟ್ಟಿಲುಗಳಲ್ಲೇ ಇದೆ.

ಇದಕ್ಕೆ ಒಂದು ಕಾರಣ ಧ್ವನಿ. ಯೂಟ್ಯೂಬ್ ವಿಡಿಯೋದ ಧ್ವನಿಗೆ ಸಾಮಾನ್ಯವಾಗಿ 128 ಕೆಬಿಪಿಎಸ್, ಅಂದರೆ 0.128 ಎಂಬಿಪಿಎಸ್ ಆಸುಪಾಸು ಬೇಕು. ಅಂದರೆ ಗಂಟೆಗೆ 58 ಎಂಬಿ. ಚಿತ್ರವನ್ನು ಎಷ್ಟೇ ಕುಗ್ಗಿಸಿದರೂ ಈ 58 ಎಂಬಿ ಹೆಚ್ಚಾಗಿ ಹಾಗೇ ಉಳಿಯುತ್ತದೆ. 144pಯಲ್ಲಿ ನೋಡುವಾಗ ಅರ್ಧಕ್ಕಿಂತ ಹೆಚ್ಚು ಡೇಟಾ ಧ್ವನಿಗೇ ಹೋಗುತ್ತಿರುತ್ತದೆ.

ನನ್ನ ಅನುಭವದಲ್ಲಿ, ಕೈಯಲ್ಲಿ ಹಿಡಿದ ಫೋನಿಗೆ 480p ಸಾಕು. ಬರೀ ಮಾತುಕತೆ, ಸಂದರ್ಶನ, ಸುದ್ದಿ ಆದರೆ 360p ಸಾಕು. ಒಂದು ಕಡೆ ಮಾತ್ರ ಜಿಪುಣತನ ಬೇಡ: ಪರದೆ ಮೇಲೆ ಸಣ್ಣ ಅಕ್ಷರ ಇರುವ ವಿಡಿಯೋ. ಬೋರ್ಡ್ ಮೇಲಿನ ಲೆಕ್ಕ, ಕಂಪ್ಯೂಟರ್ ಪಾಠ, ನಕ್ಷೆ ಇವೆಲ್ಲ 360pಯಲ್ಲಿ ಕಲಸಿಹೋಗುತ್ತವೆ. ಮಕ್ಕಳು ಓದುವ ವಿಡಿಯೋ ಆದರೆ 720p ಇಟ್ಟುಬಿಡಿ. ಅಂಥ ವಿಡಿಯೋದಲ್ಲಿ ಚಿತ್ರ ಹೆಚ್ಚು ಅಲುಗಾಡುವುದಿಲ್ಲವಲ್ಲ, ಹಾಗಾಗಿ 720p ಇಟ್ಟರೂ ಪಟ್ಟಿಯಲ್ಲಿ ಅದಕ್ಕಿರುವ ಕಡಿಮೆ ಅಂಕಿಯ ಹತ್ತಿರವೇ ನಿಲ್ಲುತ್ತದೆ.

ನಾನು ಏನನ್ನೂ ಮುಟ್ಟಿಲ್ಲ, `Auto`ದಲ್ಲೇ ಇದೆ. ಅದು ತಾನೇ ನೋಡಿಕೊಳ್ಳಲ್ವಾ?

ನೋಡಿಕೊಳ್ಳುತ್ತದೆ, ಆದರೆ ನಿಮ್ಮ ಡೇಟಾವನ್ನಲ್ಲ. ವಿಡಿಯೋ ನಿಲ್ಲದೆ ಓಡುವುದನ್ನು ನೋಡಿಕೊಳ್ಳುತ್ತದೆ.

ವಿಡಿಯೋವನ್ನು ಕೆಲವೇ ಸೆಕೆಂಡುಗಳ ಸಣ್ಣ ತುಂಡುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ಪ್ರತಿ ತುಂಡೂ ಎಲ್ಲ ಕ್ವಾಲಿಟಿಯಲ್ಲೂ ಇರುತ್ತದೆ. ಆ್ಯಪ್ ಒಂದು ತುಂಡು ಇಳಿಸಿಕೊಂಡು, ಅದು ಎಷ್ಟು ಬೇಗ ಬಂತು ಎಂದು ನೋಡುತ್ತದೆ. ಬೇಗ ಬಂದರೆ ಮುಂದಿನ ತುಂಡನ್ನು ಮೇಲಿನ ಕ್ವಾಲಿಟಿಯಲ್ಲಿ ತರುತ್ತದೆ. ತಡವಾದರೆ ಕೆಳಗಿನದ್ದು. ಸಿಗ್ನಲ್ ಚೆನ್ನಾಗಿದ್ದಷ್ಟೂ ಡೇಟಾ ಜಾಸ್ತಿ ಹೋಗುತ್ತದೆ. ನೀವು ಕಣ್ಣಿನಲ್ಲಿ ವ್ಯತ್ಯಾಸ ಗುರುತಿಸಿದಿರೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.

ಅಂದರೆ 5ಜಿ ಜಾಸ್ತಿ ಡೇಟಾ ತಿನ್ನುತ್ತದೆ ಅನ್ನುವುದು ನಿಜವಾ?

5ಜಿ ತಾನಾಗಿ ತಿನ್ನುವುದಿಲ್ಲ. 480pಗೆ ಕಟ್ಟಿಹಾಕಿದ ವಿಡಿಯೋ 4ಜಿಯಲ್ಲೂ 5ಜಿಯಲ್ಲೂ ಅಷ್ಟೇ. ಆದರೆ `Auto` ಇದ್ದರೆ, ವೇಗ ಹೆಚ್ಚಾದ ಕೂಡಲೇ ಅದು ಮೇಲಿನ ಮೆಟ್ಟಿಲಿಗೆ ಹತ್ತುತ್ತದೆ. ಹೊಸ ಫೋನ್ ತಗೊಂಡ ಮೇಲೆ ಡೇಟಾ ಬೇಗ ಮುಗಿಯುತ್ತಿದೆ ಎಂದು ಹೇಳುವವರಲ್ಲಿ ಹೆಚ್ಚಿನವರ ಕಥೆ ಇದೇ.

ಯೂಟ್ಯೂಬ್‌ನಲ್ಲಿ ಒಮ್ಮೆ 480p ಇಟ್ಟೆ. ಮಾರನೇ ದಿನ ಮತ್ತೆ ಮೇಲಕ್ಕೆ ಹೋಗಿತ್ತು. ಯಾಕೆ?

ವಿಡಿಯೋ ಓಡುವಾಗ ಹಲ್ಲುಚಕ್ರದ ಗುರುತು ಒತ್ತಿ ಆರಿಸುವ ಕ್ವಾಲಿಟಿ ಆ ಒಂದು ವಿಡಿಯೋಗೆ ಮಾತ್ರ. ಮುಂದಿನ ವಿಡಿಯೋಗೆ ಅದು ಅನ್ವಯ ಆಗುವುದಿಲ್ಲ.

ಕಾಯಂ ಆಗಿ ಇಡಬೇಕಾದರೆ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ `Settings`ಗೆ ಹೋಗಿ. ಅಲ್ಲಿ `Video quality preferences` ಇರುತ್ತದೆ. ಅದರೊಳಗೆ ಎರಡು ಭಾಗ: ಮೊಬೈಲ್ ನೆಟ್‌ವರ್ಕ್‌ಗೆ ಒಂದು, ವೈಫೈಗೆ ಒಂದು. ಮೊಬೈಲ್ ನೆಟ್‌ವರ್ಕ್‌ನ ಭಾಗದಲ್ಲಿ `Data saver` ಆರಿಸಿ. ಆ್ಯಪ್‌ನ ಆವೃತ್ತಿಗೆ ತಕ್ಕಂತೆ ಹೆಸರು ಒಂದಿಷ್ಟು ಆಚೀಚೆ ಆಗಬಹುದು, ಜಾಗ ಸೆಟ್ಟಿಂಗ್ಸ್ ಒಳಗೇ.

ಇಲ್ಲಿ 480p ಎಂದು ಅಂಕಿ ಹಾಕಿ ಕಾಯಂ ಮಾಡಲು ಬರುವುದಿಲ್ಲ. ನನಗೆ ಇದು ದೊಡ್ಡ ಕೊರತೆ ಅನಿಸುತ್ತದೆ. ನಾನು ಮಾಡುವುದು ಹೀಗೆ: ಕಾಯಂ ಆಗಿ `Data saver`, ಅಕ್ಷರ ಕಾಣದ ವಿಡಿಯೋ ಬಂದಾಗ ಅದೊಂದಕ್ಕೆ ಮಾತ್ರ `Advanced` ಒತ್ತಿ 720p.

ಜೊತೆಗೆ `Playback in feeds` ಅನ್ನುವುದನ್ನೂ ಹುಡುಕಿ, ವೈಫೈಗೆ ಮಾತ್ರ ಎಂದು ಬದಲಾಯಿಸಿ. ಮುಖಪುಟದಲ್ಲಿ ಬೆರಳು ಸರಿಸುತ್ತಾ ಹೋಗುವಾಗ, ನೀವು ಒತ್ತದಿದ್ದರೂ ವಿಡಿಯೋಗಳು ಮೌನವಾಗಿ ಓಡಲು ಶುರುವಾಗುತ್ತವಲ್ಲ, ಅದಕ್ಕೂ ಡೇಟಾ ಹೋಗುತ್ತದೆ.

ನೆಟ್‌ಫ್ಲಿಕ್ಸ್‌ನಲ್ಲಿ 480p, 720p ಅಂತ ಇಲ್ಲವಲ್ಲ?

ಇಲ್ಲ. ಅದರ ಮೊಬೈಲ್ ಆ್ಯಪ್‌ನಲ್ಲಿ ಆ್ಯಪ್ ಸೆಟ್ಟಿಂಗ್ಸ್ ಒಳಗೆ ಮೊಬೈಲ್ ಡೇಟಾಗೆ ಬೇರೆ ಆಯ್ಕೆಗಳಿವೆ. ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ `Save Data` ಇಟ್ಟರೆ ಒಂದು ಜಿಬಿಗೆ ಸುಮಾರು 6 ಗಂಟೆ, `Automatic` ಇಟ್ಟರೆ ಸುಮಾರು 4 ಗಂಟೆ ನೋಡಬಹುದು. `Maximum Data` ಇಟ್ಟರೆ 20 ನಿಮಿಷಕ್ಕೇ ಒಂದು ಜಿಬಿ ಹೋಗಬಹುದು. ಇಲ್ಲಿ `Automatic` ಅಷ್ಟೇನೂ ದುಬಾರಿಯಲ್ಲ, ಯೂಟ್ಯೂಬ್‌ನ `Auto`ದಂತೆ ಅಲ್ಲ. `Maximum Data` ಮಾತ್ರ ಮುಟ್ಟಬೇಡಿ.

ನನ್ನ ಫೋನಿನಲ್ಲಿ ನಿಜವಾಗಿ ಎಷ್ಟು ಹೋಗುತ್ತಿದೆ ಎಂದು ತಿಳಿಯುವುದು ಹೇಗೆ?

ಹತ್ತು ನಿಮಿಷ ಸಾಕು. ಯಾರ ಪಟ್ಟಿಗಿಂತಲೂ ಇದು ಮೇಲು, ನನ್ನ ಪಟ್ಟಿಗಿಂತಲೂ.

ವೈಫೈ ಆಫ್ ಮಾಡಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆಯ ಪುಟಕ್ಕೆ ಹೋಗಿ, ಅಲ್ಲಿ ಆ್ಯಪ್‌ಗಳ ಪಟ್ಟಿಯಲ್ಲಿ ಯೂಟ್ಯೂಬ್ ಮುಂದಿರುವ ಅಂಕಿ ಬರೆದುಕೊಳ್ಳಿ. ಐಫೋನ್ ಆದರೆ ಸೆಟ್ಟಿಂಗ್ಸ್‌ನ ಮೊಬೈಲ್ ಡೇಟಾ ಪುಟದಲ್ಲಿ ಕೆಳಗೆ ಸರಿಸಿದರೆ ಇದೇ ಪಟ್ಟಿ ಸಿಗುತ್ತದೆ. ಈಗ ನೀವು ಹಿಂದೆ ನೋಡಿರದ ಒಂದು ವಿಡಿಯೋ ಹಾಕಿ, 480p ಆರಿಸಿ, ಗಡಿಯಾರ ನೋಡಿಕೊಂಡು ಸರಿಯಾಗಿ ಹತ್ತು ನಿಮಿಷ ನೋಡಿ. ಮಧ್ಯೆ ಮುಂದೆ ಹಿಂದೆ ಎಳೆಯಬೇಡಿ. ಆ್ಯಪ್ ಮುಚ್ಚಿ ಮತ್ತೆ ಅಂಕಿ ನೋಡಿ.

ಮೊದಲು 1240 ಎಂಬಿ ಇತ್ತು, ಈಗ 1312 ಆಗಿದೆ ಎಂದುಕೊಳ್ಳಿ. ಹೋಗಿದ್ದು 72 ಎಂಬಿ. ಆರರಿಂದ ಗುಣಿಸಿದರೆ ಗಂಟೆಗೆ 432. ಆದರೆ ಇದರಲ್ಲಿ ಒಂದು ಸಣ್ಣ ಮೋಸ ಇದೆ. ಆ್ಯಪ್ ನೀವು ನೋಡುವ ಜಾಗಕ್ಕಿಂತ ಮುಂದಿನ ಭಾಗವನ್ನೂ ಇಳಿಸಿ ಇಟ್ಟುಕೊಂಡಿರುತ್ತದೆ. ವಿಡಿಯೋದ ಕೆಳಗಿನ ಪಟ್ಟಿಯಲ್ಲಿ ಕೆಂಪು ಗೆರೆಯ ಮುಂದೆ ಮಸುಕಾದ ಗೆರೆ ಕಾಣುತ್ತದಲ್ಲ, ಅದೇ. ಅದು ಒಂದು ನಿಮಿಷ ಮುಂದಿದ್ದರೆ, 72 ಎಂಬಿ ಹೋಗಿದ್ದು ಹತ್ತಕ್ಕಲ್ಲ, ಹನ್ನೊಂದು ನಿಮಿಷಕ್ಕೆ. ಆಗ ಗಂಟೆಗೆ ಸುಮಾರು 393 ಎಂಬಿ ಆಗುತ್ತದೆ. ಮಧ್ಯೆ ಜಾಹೀರಾತು ಬಂದಿದ್ದರೆ ಅದರ ಡೇಟಾ ಕೂಡ ಇದರಲ್ಲೇ ಸೇರಿರುತ್ತದೆ.

ನೋಡುತ್ತಿರುವ ವಿಡಿಯೋ ಯಾವ ಕ್ವಾಲಿಟಿಯಲ್ಲಿದೆ ಎಂದು ಅನುಮಾನ ಇದ್ದರೆ, ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ `Stats for nerds` ಆನ್ ಮಾಡಿ, ಆಮೇಲೆ ವಿಡಿಯೋದ ಮೆನುವಿನಲ್ಲಿ ಅದನ್ನು ತೆರೆಯಿರಿ. `854x480@30` ಎಂದು ಕಂಡರೆ 480p, ಸೆಕೆಂಡಿಗೆ 30 ಚಿತ್ರ. ಕೋಡೆಕ್ ಸಾಲಿನಲ್ಲಿ `av01` ಇದ್ದರೆ ಎವಿ1, `vp09` ಅಥವಾ `vp9` ಇದ್ದರೆ ವಿಪಿ9, `avc1` ಇದ್ದರೆ ಹಳೆಯ ಎಚ್.264.

ಫೋನಿನ ಹಾಟ್‌ಸ್ಪಾಟ್‌ನಿಂದ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಡೇಟಾ ಕಣ್ಣೆದುರೇ ಮಾಯ. ಏನಾಗುತ್ತಿದೆ?

ಇದು ನನಗೂ ಆಗಿದೆ. 2 ಜಿಬಿ ಉಳಿದಿತ್ತು. ಒಂದು ಗಂಟೆಯ ಪಾಠ ಲ್ಯಾಪ್‌ಟಾಪ್‌ನಲ್ಲಿ ನೋಡೋಣ ಎಂದು ಹಾಟ್‌ಸ್ಪಾಟ್ ಹಾಕಿದೆ. 50 ನಿಮಿಷಕ್ಕೆ ವಿಡಿಯೋ ನಿಂತಿತು. ಮುಖ್ಯವಾದ ಲೆಕ್ಕ ಆ ಕೊನೆಯ ಹತ್ತು ನಿಮಿಷದಲ್ಲೇ ಇತ್ತು, ತುಂಬಾ ಬೇಜಾರಾಯಿತು. ಆಮೇಲೆ ನೋಡಿದರೆ ವಿಡಿಯೋ 1080p60ಯಲ್ಲಿ ಓಡುತ್ತಿತ್ತು, ಹಿಂದಿನಿಂದ ಯಾವುದೋ ಅಪ್‌ಡೇಟ್ ಕೂಡ ಇಳಿಯುತ್ತಿತ್ತು.

ಲ್ಯಾಪ್‌ಟಾಪ್‌ಗೆ ನಿಮ್ಮ ಹಾಟ್‌ಸ್ಪಾಟ್ ಕಾಣುವುದು ವೈಫೈ ಆಗಿ. ಹಿಂದೆ ಮೊಬೈಲ್ ಡೇಟಾ ಇದೆ ಎಂದು ಅದಕ್ಕೆ ಗೊತ್ತಾಗದೇ ಇರಬಹುದು. ನೀವು ಫೋನಿನ ಆ್ಯಪ್‌ನಲ್ಲಿ ಇಟ್ಟ `Data saver` ಲ್ಯಾಪ್‌ಟಾಪ್‌ನ ಬ್ರೌಸರ್‌ಗೆ ಅನ್ವಯಿಸುವುದಿಲ್ಲ. ದೊಡ್ಡ ಪರದೆ ಬೇರೆ, ಹಾಗಾಗಿ ಇನ್ನೂ ಮೇಲಿನ ಕ್ವಾಲಿಟಿ. ಇನ್ನೊಬ್ಬರ ಫೋನಿನ ಹಾಟ್‌ಸ್ಪಾಟ್‌ಗೆ ನಿಮ್ಮ ಫೋನ್ ಸೇರಿಸಿದಾಗಲೂ ಹೀಗೆ ಆಗಬಹುದು. ವೈಫೈನಲ್ಲಿ ಮಾತ್ರ ಎಂದು ನೀವು ಕಾದಿಟ್ಟ ಡೌನ್‌ಲೋಡ್‌ಗಳೆಲ್ಲ ಅವರ ಡೇಟಾದಲ್ಲಿ ಇಳಿದುಬಿಡುತ್ತವೆ.

ಪರಿಹಾರ ಸುಲಭ. ವಿಂಡೋಸ್‌ನಲ್ಲಿ ವೈಫೈ ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ಹಾಟ್‌ಸ್ಪಾಟ್‌ನ ಪ್ರಾಪರ್ಟೀಸ್ ತೆರೆದು `Metered connection` ಆನ್ ಮಾಡಿ. ಮ್ಯಾಕ್‌ನಲ್ಲಿ ಆ ನೆಟ್‌ವರ್ಕ್‌ನ ವಿವರದಲ್ಲಿ `Low data mode` ಇದೆ. ಆಂಡ್ರಾಯ್ಡ್‌ನಲ್ಲೂ ವೈಫೈ ಹೆಸರಿನ ವಿವರದಲ್ಲಿ ಅದನ್ನು `metered` ಎಂದು ಗುರುತಿಸಬಹುದು. ಇದರಿಂದ ಹಿಂದಿನಿಂದ ಇಳಿಯುವ ಅಪ್‌ಡೇಟ್‌ಗಳಿಗೆ ಕಡಿವಾಣ ಬೀಳುತ್ತದೆ. ಬ್ರೌಸರ್‌ನ ವಿಡಿಯೋ ಕ್ವಾಲಿಟಿಯನ್ನು ಮಾತ್ರ ನೀವೇ ಕೈಯಾರೆ ಇಳಿಸಬೇಕು.

ಫೋನಿನಲ್ಲೇ ಡೇಟಾ ಸೇವರ್ ಇದೆ. ಅದು ಆನ್ ಇದ್ದರೆ ಸಾಲದಾ?

ಆಂಡ್ರಾಯ್ಡ್‌ನ ಡೇಟಾ ಸೇವರ್ ಮುಖ್ಯವಾಗಿ ತಡೆಯುವುದು ಹಿಂದೆ ಓಡುವ ಆ್ಯಪ್‌ಗಳನ್ನು. ನೀವು ಕಣ್ಣೆದುರು ತೆರೆದು ನೋಡುತ್ತಿರುವ ವಿಡಿಯೋದ ಕ್ವಾಲಿಟಿಯನ್ನು ಅದು ತಾನಾಗಿ ಇಳಿಸುತ್ತದೆ ಎಂದು ನಂಬಿ ಕೂರಬೇಡಿ. ಅದನ್ನೂ ಇಡಿ, ಆ್ಯಪ್ ಒಳಗಿನ ಸೆಟ್ಟಿಂಗನ್ನೂ ಇಡಿ.

ಡೌನ್‌ಲೋಡ್ ಮಾಡಿ ನೋಡಿದರೆ ಕಡಿಮೆ ಹೋಗುತ್ತದಾ?

ಅದೇ ಕ್ವಾಲಿಟಿಯಲ್ಲಿ ಒಂದೇ ಸಲ ನೋಡುವುದಾದರೆ ವ್ಯತ್ಯಾಸ ಇಲ್ಲ. ಲಾಭ ಎರಡು ಕಡೆ. ಒಂದು, ವೈಫೈ ಇರುವಾಗ ಇಳಿಸಿಕೊಂಡರೆ ಮೊಬೈಲ್ ಡೇಟಾ ಪೂರ್ತಿ ಉಳಿಯಿತು. ಇನ್ನೊಂದು, ಮತ್ತೆ ಮತ್ತೆ ನೋಡುವ ವಿಡಿಯೋ. ಮಗು ಅದೇ ಹಾಡನ್ನು ದಿನಕ್ಕೆ ಹತ್ತು ಸಲ ಕೇಳುತ್ತದೆ ಅಂದರೆ, ಪ್ರತಿ ಸಲವೂ ಅದು ಹೊಸದಾಗಿ ಇಳಿಯಬಹುದು. ಒಮ್ಮೆ ಡೌನ್‌ಲೋಡ್ ಮಾಡಿಟ್ಟರೆ ಒಂಬತ್ತು ಸಲದ ಡೇಟಾ ಉಳಿಯುತ್ತದೆ.

2x ವೇಗದಲ್ಲಿ ನೋಡಿದರೆ ಅರ್ಧ ಡೇಟಾ ಸಾಕಾ?

ಸಾಲದು. ವಿಡಿಯೋ ಅಷ್ಟೇ ಉದ್ದ, ಅದರ ಎಲ್ಲ ತುಂಡುಗಳೂ ಇಳಿಯಲೇಬೇಕು. ಒಂದು ಗಂಟೆಯ ವಿಡಿಯೋ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಡೇಟಾ ಮಾತ್ರ ಒಂದು ಗಂಟೆಯದ್ದೇ. ಅಂದರೆ 2xನಲ್ಲಿ ಗಡಿಯಾರದ ಒಂದು ಗಂಟೆ ಕೂತರೆ ಎರಡು ಗಂಟೆಯ ಡೇಟಾ ಹೋಗಿರುತ್ತದೆ. ಮೇಲಿನ ಪಟ್ಟಿಯನ್ನು ವಿಡಿಯೋದ ಉದ್ದಕ್ಕೆ ಹಚ್ಚಿ ನೋಡಿ, ನೀವು ಕೂತ ಹೊತ್ತಿಗಲ್ಲ.

ಚಿಕ್ಕ ಚಿಕ್ಕ ವಿಡಿಯೋ ತಾನೇ, ರೀಲ್ಸ್‌ಗೆ ಏನು ಮಹಾ ಹೋಗುತ್ತದೆ?

ಮೇಲಿನ ಪಟ್ಟಿ ಸುಳ್ಳಾಗುವ ಜಾಗ ಇದು. ಉದ್ದದ ವಿಡಿಯೋದಲ್ಲಿ ನೀವು ನೋಡಿದ್ದಕ್ಕೆ ಡೇಟಾ ಹೋಗುತ್ತದೆ. ಇಲ್ಲಿ ನೋಡದೇ ಇದ್ದದ್ದಕ್ಕೂ ಹೋಗುತ್ತದೆ. ಬೆರಳು ಸರಿಸಿದ ತಕ್ಷಣ ಮುಂದಿನದು ಓಡಬೇಕಲ್ಲ, ಅದಕ್ಕಾಗಿ ಮುಂದಿನ ವಿಡಿಯೋಗಳ ಆರಂಭವನ್ನು ಆ್ಯಪ್ ಮೊದಲೇ ಇಳಿಸಿ ಇಟ್ಟುಕೊಳ್ಳುತ್ತದೆ. ನೀವು ಎರಡು ಸೆಕೆಂಡ್ ನೋಡಿ ಸರಿಸಿದರೂ ಇಳಿದದ್ದು ಇಳಿದೇ ಬಿಟ್ಟಿತು. ಬೇಗ ಬೇಗ ಸರಿಸುವವರಿಗೆ ಗಂಟೆಯ ಖರ್ಚು ಇನ್ನೂ ಹೆಚ್ಚು. ಆ ಆ್ಯಪ್‌ನಲ್ಲಿ ಡೇಟಾ ಸೇವರ್ ಇದ್ದರೆ ಆನ್ ಮಾಡಿ. ಆಮೇಲೆ ಮೇಲೆ ಹೇಳಿದ ಹತ್ತು ನಿಮಿಷದ ಪರೀಕ್ಷೆಯನ್ನು ಇದಕ್ಕೂ ಮಾಡಿ, ನೀವು ಯಾವಾಗಲೂ ಸರಿಸುವ ವೇಗದಲ್ಲೇ.

ಎಲ್ಲ ಮಾಡಿದ್ದೇನೆ, ಆದರೂ ಡೇಟಾ ಮುಗಿಯುತ್ತಿದೆ.

ಹಾಗಾದರೆ ಕಳ್ಳ ಬೇರೆ ಕಡೆ ಇದ್ದಾನೆ. ಡೇಟಾ ಬಳಕೆಯ ಪುಟಕ್ಕೆ ಮತ್ತೆ ಹೋಗಿ ಆ್ಯಪ್‌ಗಳ ಸಾಲು ನೋಡಿ. ಮೊದಲ ಸ್ಥಾನದಲ್ಲಿ ವಿಡಿಯೋ ಆ್ಯಪ್ ಇಲ್ಲದಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ವಾಟ್ಸ್ಆ್ಯಪ್ ಮೇಲಿದ್ದರೆ, ಗುಂಪುಗಳಲ್ಲಿ ಬಂದ ವಿಡಿಯೋಗಳೆಲ್ಲ ತಾವಾಗಿ ಇಳಿಯುತ್ತಿರಬಹುದು. `Storage and data` ಒಳಗೆ `Media auto-download` ಇದೆ. ಅಲ್ಲಿ `When using mobile data` ಒತ್ತಿ ವಿಡಿಯೋದ ಗುರುತು ತೆಗೆದುಬಿಡಿ. ಫೋಟೋ ಆ್ಯಪ್ ಮೇಲಿದ್ದರೆ, ನೀವು ತೆಗೆದ ವಿಡಿಯೋಗಳು ಮೊಬೈಲ್ ಡೇಟಾದಲ್ಲೇ ಬ್ಯಾಕಪ್ ಆಗುತ್ತಿರಬಹುದು. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಹೆಸರು ಒತ್ತಿದರೆ, ನೀವು ತೆರೆದಿದ್ದಾಗ ಎಷ್ಟು ಹೋಯಿತು, ಹಿಂದೆ ಓಡುವಾಗ ಎಷ್ಟು ಹೋಯಿತು ಎಂದು ಬೇರೆ ಬೇರೆ ತೋರಿಸುತ್ತದೆ. ಹಿಂದೆ ಓಡುವಾಗಿನ ಅಂಕಿ ದೊಡ್ಡದಾಗಿದ್ದರೆ ಅದೇ ಪುಟದಲ್ಲಿ `Background data` ಆಫ್ ಮಾಡಿ, ಮಾರನೇ ದಿನ ಅಂಕಿ ಮತ್ತೆ ನೋಡಿ.